ಕಪಾಟಿನ ಹಳೇ ತಾಟು, ಅಡುಗೆಮನೆಯ ಹೊಸ ಮಷಿನು

ಕಲಬುರಗಿಯ ನಮ್ಮ ಮನೆಗೆ ಡಿಶ್‌ವಾಷರ್ ಬಂದ ವಾರ ಅತ್ತೆ ಗಾಜಿನ ಕಪಾಟಿನ ಬಾಗಿಲು ತೆಗೆದು ಕೇಳಿದರು, "ಇವನ್ನೂ ಅದರಾಗ ಹಾಕಬಹುದೇನವಾ?" ಕಪಾಟಿನಲ್ಲಿ ಮೂರು ತರಹದ ಸಾಮಾನು ಇದ್ದವು. ಮಾವನವರು ರೈಲ್ವೆ ನೌಕರಿಯಲ್ಲಿದ್ದಾಗ ಹೈದರಾಬಾದಿನಿಂದ ತಂದಿದ್ದ ಬಂಗಾರದ ಅಂಚಿನ ಸೆಟ್ಟು. ಅದಕ್ಕೂ ಹಿಂದಿನ, ಮಾವನ ತಂದೆಯ ಕಾಲದ, ನೀಲಿ ಹೂವಿನ ದಪ್ಪ ತಾಟುಗಳು. ಸೌದಿಯಲ್ಲಿ ಕೆಲಸ ಮಾಡುತ್ತಿದ್ದ ನೆಂಟರು ಕೊಟ್ಟ ಬಿಳಿ ಬಟ್ಟಲುಗಳು. ಮೈಕ್ರೋವೇವ್ ಮನೆಯಲ್ಲಿ ಮೊದಲೇ ಇತ್ತು. ಹಾಗಾಗಿ ಒಂದೊಂದು ತಾಟಿಗೂ ಎರಡು ಪ್ರಶ್ನೆ: ಬಿಸಿ ಮಾಡುವ ಮಷಿನಿಗೆ ಹೋಗುತ್ತದಾ, ತೊಳೆಯುವ ಮಷಿನಿಗೆ ಹೋಗುತ್ತದಾ?

ಮೊದಲು ಎಲ್ಲವನ್ನೂ ಮಗುಚಿ ಹಾಕಿ ತಳ ನೋಡಿದೆ. ಎಲ್ಲದರ ಮೇಲೂ ಏನೋ ಒಂದು ಗುರುತು ಇತ್ತು. ಒಂದರ ಮೇಲೂ ಮೈಕ್ರೋವೇವ್ ಅಂತಾಗಲಿ, ಡಿಶ್‌ವಾಷರ್ ಅಂತಾಗಲಿ ಬರೆದಿರಲಿಲ್ಲ. ಇದರಿಂದ ತಾಟು ನಡೆಯುವುದಿಲ್ಲ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಇಡುವಂಥ ಮೈಕ್ರೋವೇವ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದೇ 1967ರಲ್ಲಿ. ನಮ್ಮ ಕಡೆ ಮನೆಮನೆಗೆ ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ಆದ ಮೇಲೆ. ಅದಕ್ಕೂ ಹಿಂದೆ ತಯಾರಾದ ತಾಟಿನ ಮೇಲೆ ಆ ಮಾತು ಇರಲು ಸಾಧ್ಯವೇ ಇಲ್ಲ. ಹಳೇ ಸಾಮಾನಿನ ಗುರುತು ಯಾರು ಮಾಡಿದ್ದು, ಸುಮಾರು ಯಾವ ಕಾಲದ್ದು ಅಂತ ಹೇಳುತ್ತದೆ. ಉಳಿದದ್ದನ್ನು ತಾಟನ್ನೇ ಕೇಳಬೇಕು.

ಗುರುತು ಓದಲಿಕ್ಕೆ ಭೂತಗನ್ನಡಿ ಬೇಕಾಗಲಿಲ್ಲ. ತಳವನ್ನು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಹಾಕಿ ತೊಳೆದೆ. ಒರೆಸಿ, ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ಮಾಡಿ ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದೆ. ಫೋಟೊ ದೊಡ್ಡದು ಮಾಡಿದರೆ ಸಣ್ಣ ಅಕ್ಷರ ತಾನಾಗಿ ಕಾಣುತ್ತದೆ. ಮಣ್ಣು ಹಸಿ ಇದ್ದಾಗಲೇ ಒತ್ತಿದ ಗುರುತುಗಳು ಮಾತ್ರ ಹಟ ಮಾಡುತ್ತವೆ. ಅವುಗಳ ಮೇಲೆ ಬಣ್ಣ ಇರುವುದಿಲ್ಲ. ಅಂಥ ಕಡೆ ಚೂರು ಟಾಲ್ಕಂ ಪೌಡರ್ ಸವರಿ, ಒಣ ಬಟ್ಟೆಯಿಂದ ಮೇಲ್ಮೇಲೆ ಒರೆಸಿದೆ. ತಗ್ಗಿನಲ್ಲಿ ಪೌಡರ್ ನಿಂತು ಅಕ್ಷರ ಎದ್ದು ಕಂಡಿತು. ಅರಿಶಿನ, ಕುಂಕುಮ ಮಾತ್ರ ಹಚ್ಚಬೇಡಿ. ಹಳೇ ತಾಟಿನ ಬಿರುಕಿಗೆ ಇಳಿದರೆ ಆ ಬಣ್ಣ ಹೋಗುವುದೇ ಇಲ್ಲ.

ಬಂಗಾರದ ಅಂಚಿನ ಸೆಟ್ಟಿನಿಂದ ಶುರು ಮಾಡಿದೆ. ತಳದಲ್ಲಿ ಎಲೆಗಳ ಹಾರ, ಹಾರದ ನಡುವೆ ಇಂಗ್ಲಿಷಿನ ‘ಎನ್’ ಅಕ್ಷರ, ಮೇಲೆ ನೊರಿಟಾಕೆ, ಕೆಳಗೆ ಜಪಾನ್, ಅದರ ಕೆಳಗೆ ವಿನ್ಯಾಸದ ಹೆಸರು ಮತ್ತು ನಾಲ್ಕಂಕಿಯ ಒಂದು ಸಂಖ್ಯೆ. ನೊರಿಟಾಕೆ ಕಂಪನಿ 1904ರಲ್ಲಿ ಜಪಾನಿನ ನಗೋಯಾ ಹತ್ತಿರ ಶುರುವಾದದ್ದು. ಮೊರಿಮುರಾ ಎಂಬ ಮನೆತನದವರು ಕಟ್ಟಿದ್ದು. ಅದಕ್ಕೇ ಮೊದಲಿನ ಗುರುತಿನಲ್ಲಿ ಹಾರದೊಳಗೆ ‘ಎಂ’ ಇರುತ್ತಿತ್ತು. 1953ರಲ್ಲಿ ಅದನ್ನು ತೆಗೆದು ‘ಎನ್’ ಹಾಕಿದರು. ಅಂದರೆ ನಮ್ಮ ಸೆಟ್ಟು 1953ರ ನಂತರದ್ದು. ಮಾವನವರ ನೌಕರಿಯ ವರ್ಷಗಳಿಗೆ ಅದು ಸರಿ ಹೊಂದಿತು. ನಾಲ್ಕಂಕಿಯ ಸಂಖ್ಯೆಯನ್ನು ಇಸವಿ ಅಂತ ಓದುವವರು ಜಾಸ್ತಿ. ಅದು ವಿನ್ಯಾಸದ ಸಂಖ್ಯೆ. ಒಂದು ತಾಟು ಒಡೆದರೆ ಅದೇ ಜೋಡಿ ಹುಡುಕಲಿಕ್ಕೆ ಅನುಕೂಲ ಅಷ್ಟೇ.

ಇಲ್ಲಿ ಅತ್ತೆಗೆ ಬೇರೆಯೇ ಚಿಂತೆ ಹತ್ತಿತು. "ಇದರಾಗ ಎಲುಬಿನ ಬೂದಿ ಇರ್ತದಂತಲ್ಲ, ಖರೇನಾ?" ಅಂತ ಕೇಳಿದರು. ನಮ್ಮದು ಲಿಂಗಾಯತರ ಮನೆ. ಆ ಸೆಟ್ಟಿನಲ್ಲಿ ಹಬ್ಬದ ಊಟ ಬಡಿಸಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಬೋನ್ ಚೈನಾ ಎಂಬುದರಲ್ಲಿ ದನದ ಎಲುಬಿನ ಬೂದಿ ಬೆರೆಸುವುದು ನಿಜ. ಅದೂ ಚಿಟಿಕೆಯಷ್ಟಲ್ಲ, ಮೂರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಜಾಸ್ತಿ. ಹಾಗೆ ಮಾಡಿದ ಕಂಪನಿಗಳು ಅದನ್ನು ಮುಚ್ಚಿಡುವುದಿಲ್ಲ. ಬೋನ್ ಚೈನಾಕ್ಕೆ ಬೆಲೆ ಜಾಸ್ತಿ ಬರುವುದರಿಂದ ತಳದಲ್ಲಿ ಆ ಹೆಸರನ್ನೇ ಹಾಕುತ್ತಾರೆ. ನಮ್ಮ ಸೆಟ್ಟಿನ ಮೇಲೆ ಆ ಮಾತು ಇರಲಿಲ್ಲ. ಇನ್ನೊಂದು ಗುರುತೂ ನೋಡಿದೆ. ಕೋಣೆ ಕತ್ತಲೆ ಮಾಡಿ, ತಾಟಿನ ಹಿಂದೆ ಫೋನಿನ ಟಾರ್ಚ್ ಹಿಡಿದು, ನಡುವೆ ಬೆರಳು ಅಡ್ಡ ಇಟ್ಟೆ. ಬೆರಳಿನ ನೆರಳು ತಾಟಿನ ಈಚೆಗೆ ಕಂಡಿತು. ಬೆಳಕು ತುಸು ನೀಲಿ ಬೂದಿ ಬಣ್ಣದ್ದಾಗಿತ್ತು. ಬೋನ್ ಚೈನಾದಲ್ಲಿ ಬೆಳಕು ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಎರಡೂ ಸೇರಿಸಿ ನೋಡಿದರೆ ಇದು ಮಣ್ಣು ಮತ್ತು ಕಲ್ಲಿನ ಪುಡಿಯ ಪೋರ್ಸಲೀನ್. ಅತ್ತೆಗೆ ಸಮಾಧಾನವಾಯಿತು, ನನಗೂ.

ಬೆಳಕು ದಾಟಿತು ಅನ್ನುವುದರಲ್ಲಿ ಇನ್ನೊಂದು ಸುದ್ದಿಯೂ ಇದೆ. ಬೆಳಕು ಬಿಡುವ ಚೀನಿ ಸಾಮಾನು ಒಲೆಯಲ್ಲಿ ಒಳಗಿನಿಂದಲೇ ಗಾಜಿನಂತೆ ಬೆಸೆದುಕೊಂಡಿರುತ್ತದೆ. ನೀರು ಕುಡಿಯುವುದಿಲ್ಲ. ಮೈಕ್ರೋವೇವ್ ಅಲೆಗಳು ಮುಖ್ಯವಾಗಿ ಬಿಸಿ ಮಾಡುವುದು ನೀರನ್ನು. ನೀರು ಕುಡಿಯದ ತಾಟು ತಾನು ಬಿಸಿಯಾಗದೆ ಒಳಗಿನ ಅನ್ನವನ್ನು ಮಾತ್ರ ಬಿಸಿಯಾಗಲು ಬಿಡುತ್ತದೆ. ಅಂದರೆ ತಾಟಿನ ಮೈ ಮೈಕ್ರೋವೇವಿಗೆ ಹೇಳಿ ಮಾಡಿಸಿದ್ದು. ಅಡ್ಡ ಬಂದದ್ದು ಅಂಚಿನ ಬಂಗಾರ.

ಅದು ಬರೀ ಬಂಗಾರದ ಬಣ್ಣ ಅಂತ ಎಷ್ಟೋ ಜನ ತಿಳಿಯುತ್ತಾರೆ. ಅದು ನಿಜವಾದ ಲೋಹ, ಬಹಳ ತೆಳುವಾದ ಪದರ. ಮೈಕ್ರೋವೇವಿನಲ್ಲಿ ಇಟ್ಟರೆ ಅದರೊಳಗೆ ಕರೆಂಟು ಹರಿಯುತ್ತದೆ. ಪದರ ತೆಳುವಾದಷ್ಟೂ ಬೇಗ ಕಾಯುತ್ತದೆ. ಎಲ್ಲಿ ಸವೆದು ತುಂಡಾಗಿದೆಯೋ ಅಲ್ಲಿ ಕಿಡಿ ಹಾರುತ್ತದೆ. ನಮ್ಮ ನಾದಿನಿಯ ಮನೆಯಲ್ಲಿ ಇಂಥದ್ದೇ ಬಟ್ಟಲಲ್ಲಿ ಸಾರು ಬಿಸಿಗಿಟ್ಟಾಗ ಚಟಚಟ ಸದ್ದಾಗಿ, ಅಂಚಿನ ಉದ್ದಕ್ಕೂ ಕಪ್ಪು ಕಲೆ ಉಳಿಯಿತು. ಕಲೆಯ ಕೆಳಗಿನ ಗಾಜಿನಂಥ ಹೊಳಪಿನ ಪದರವೂ ಸಿಡಿದಿತ್ತು. ಬೆಳ್ಳಿಯಂತೆ ಹೊಳೆಯುವ ಅಂಚಿಗೂ ಇದೇ ಮಾತು, ಅದು ಸಾಮಾನ್ಯವಾಗಿ ಪ್ಲಾಟಿನಂ. ಬಣ್ಣ ಎಷ್ಟೇ ಗಾಢವಿದ್ದರೂ ಅದಷ್ಟಕ್ಕೇ ಹೆದರಬೇಕಿಲ್ಲ. ಕನ್ನಡಿಯಂತೆ ಲೋಹದ ಹೊಳಪು ಇದೆಯಾ ಅಂತ ನೋಡಬೇಕು. ತಳದ ಗುರುತನ್ನೇ ಬಂಗಾರದಲ್ಲಿ ಅಚ್ಚು ಹಾಕಿರುವ ತಾಟುಗಳೂ ಇವೆ. ಮೇಲೆ ಬರೀ ಬಿಳಿ ಇದ್ದರೂ ಅವನ್ನು ಒಳಗಿಡುವ ಹಾಗಿಲ್ಲ.

ಡಿಶ್‌ವಾಷರಿನ ಪ್ರಶ್ನೆಗೆ ಉತ್ತರ ಬೆರಳ ತುದಿಯಲ್ಲಿ ಸಿಕ್ಕಿತು. ಚೀನಿ ಸಾಮಾನಿನ ಚಿತ್ರ ಎರಡು ಕಡೆ ಇರಬಹುದು. ಗಾಜಿನಂಥ ಹೊಳಪಿನ ಪದರದ ಕೆಳಗೆ, ಇಲ್ಲವೇ ಅದರ ಮೇಲೆ. ಕೆಳಗಿದ್ದರೆ ಹೊಳಪು ಅದನ್ನು ಕಾಯುತ್ತದೆ. ಮೇಲಿದ್ದರೆ ಆ ಬಣ್ಣವನ್ನು ಕಡಿಮೆ ಶಾಖದಲ್ಲಿ, ಸುಮಾರು 700ರಿಂದ 850 ಡಿಗ್ರಿಯಲ್ಲಿ, ಅಂಟಿಸಿರುತ್ತಾರೆ. ಡಿಶ್‌ವಾಷರಿನ ಮಾತ್ರೆ ಮತ್ತು ಪುಡಿ ಖಾರವಾದ ಕ್ಷಾರ. ಬಿಸಿ ನೀರಿನಲ್ಲಿ ಗಂಟೆಗಟ್ಟಲೆ ಹೊಡೆದರೆ ಅಂಥ ಬಣ್ಣ ಮೊದಲು ಮಂಕಾಗಿ ಆಮೇಲೆ ಸವೆಯುತ್ತದೆ. ನಾನು ತಾಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಓರೆಯಾಗಿ ಹಿಡಿದು ನೋಡಿದೆ. ಹೂವಿದ್ದ ಕಡೆ ಹೊಳಪು ಬೇರೆಯಾಗಿ ಕಂಡಿತು. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಹೂವಿನ ಅಂಚು ಸಣ್ಣಗೆ ಕೈಗೆ ತಾಗಿತು. ಅಲ್ಲಿಗೆ ನಿರ್ಧಾರವಾಯಿತು. ನೊರಿಟಾಕೆ ಸೆಟ್ಟು ಎರಡೂ ಮಷಿನಿಗೆ ಹೋಗುವುದಿಲ್ಲ. ಬಂಗಾರದ ಅಂಚಿಲ್ಲದಿದ್ದರೆ ಮೈಕ್ರೋವೇವಿಗೆ ಹೋಗುತ್ತಿತ್ತು, ಡಿಶ್‌ವಾಷರಿಗೆ ಆಗಲೂ ಇಲ್ಲ.

ನೀಲಿ ಹೂವಿನ ತಾಟುಗಳಿಗೆ ಜಾಸ್ತಿ ಹೊತ್ತು ಹಿಡಿಯಿತು. ಅವು ನನಗೆ ಎಲ್ಲಕ್ಕಿಂತ ಇಷ್ಟವಾದವು ಕೂಡ. ತಳದ ಗುರುತಿನಲ್ಲಿ ಜೆ ಅಂಡ್ ಜಿ ಮೇಕಿನ್, ಹ್ಯಾನ್ಲಿ, ಮೇಡ್ ಇನ್ ಇಂಗ್ಲೆಂಡ್ ಅಂತ ಇತ್ತು. ಹ್ಯಾನ್ಲಿ ಅನ್ನುವುದು ಇಂಗ್ಲೆಂಡಿನ ಕುಂಬಾರಿಕೆಯ ಊರು ಸ್ಟೋಕ್-ಆನ್-ಟ್ರೆಂಟಿನ ಒಂದು ಭಾಗ. ಅಲ್ಲಿನ ತಾಟುಗಳು ದೇಶದೇಶಕ್ಕೆ ಹಡಗು ಹತ್ತುತ್ತಿದ್ದವು.

ಇಂಥ ತಾಟಿನ ಕಾಲ ಹಿಡಿಯಲಿಕ್ಕೆ ದೇಶದ ಹೆಸರೇ ದೊಡ್ಡ ಸುಳಿವು. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾಯ್ದೆ ಮಾಡಿತು. 1891ರಿಂದ ಅದು ಜಾರಿಗೆ ಬಂತು. ಅಮೆರಿಕಕ್ಕೆ ಮಾರುವ ಕಾರ್ಖಾನೆಗಳು ಎಲ್ಲ ಸಾಮಾನಿಗೂ ಒಂದೇ ಅಚ್ಚು ಹಾಕಿದವು. ಹಾಗಾಗಿ ಇಂಗ್ಲೆಂಡ್ ಅಂತ ಇದ್ದರೆ ಹೆಚ್ಚಾಗಿ 1891ರ ಈಚಿನದು. ಮೇಡ್ ಇನ್ ಇಂಗ್ಲೆಂಡ್ ಅಂತ ಪೂರ್ತಿ ಇದ್ದರೆ ಸಾಮಾನ್ಯವಾಗಿ ಇಪ್ಪತ್ತನೇ ಶತಮಾನದ್ದು. ಜಪಾನಿನ ಸಾಮಾನಿಗೂ ಇದೇ ತರಹದ ಗೆರೆಗಳಿವೆ. ನಿಪ್ಪಾನ್ ಅಂತಿದ್ದರೆ ಸುಮಾರು 1921ಕ್ಕಿಂತ ಹಿಂದಿನದು. ಆಕ್ಯುಪೈಡ್ ಜಪಾನ್ ಅಂತಿದ್ದರೆ ಯುದ್ಧ ಮುಗಿದ ಮೇಲೆ, 1952ರ ಒಳಗಿನದು. ನಮ್ಮ ನೀಲಿ ತಾಟುಗಳು ನಿಜಾಮರ ಕಾಲದಲ್ಲಿ ಮನೆಗೆ ಬಂದವು ಅಂತ ಅತ್ತೆ ಹೇಳುತ್ತಿದ್ದರು. ಗುರುತು ಅದಕ್ಕೆ ವಿರುದ್ಧವಾಗಿ ಏನೂ ಹೇಳಲಿಲ್ಲ.

ಟಾರ್ಚ್ ಹಿಡಿದೆ. ಒಂದು ಚೂರೂ ಬೆಳಕು ಬರಲಿಲ್ಲ. ತಾಟು ದಪ್ಪ, ಬೆರಳಿನಿಂದ ತಟ್ಟಿದರೆ ಠಣ್ ಅನ್ನದೆ ಮಂದವಾಗಿ ಸದ್ದು ಕೊಟ್ಟಿತು. ಮಗುಚಿ ನೋಡಿದರೆ ಅಂಚಿನ ಕೆಳಗೆ ಮೂರು ಕಡೆ ಸಣ್ಣ ಸಣ್ಣ ಚುಕ್ಕೆಯ ಗಾಯ. ಇದನ್ನು ಕಂಡಾಗ ನನಗೆ ಬಹಳ ಖುಷಿಯಾಯಿತು. ಹೊಳಪು ಹಚ್ಚಿದ ತಾಟನ್ನು ಒಲೆಯಲ್ಲಿ ಸುಡುವಾಗ ಅದು ಕೆಳಗೆ ಅಂಟಬಾರದು ಅಂತ ಮೂರು ಮೊನೆಯ ಮೇಲೆ ನಿಲ್ಲಿಸುತ್ತಿದ್ದರು. ಮೊನೆ ಮುರಿದು ತೆಗೆದ ಜಾಗದಲ್ಲಿ ಈ ಚುಕ್ಕೆ ಉಳಿಯುತ್ತದೆ. ಸುಟ್ಟ ಮಣ್ಣಿನ ಸಾಮಾನಿಗೆ, ಇಂಗ್ಲಿಷಿನಲ್ಲಿ ಅರ್ದನ್‌ವೇರ್ ಅನ್ನುವುದಕ್ಕೆ, ಇದು ಒಳ್ಳೇ ಗುರುತು. ಪೋರ್ಸಲೀನ್ ತಾಟಿಗೆ ಬೇರೆ ಲಕ್ಷಣ. ಅದು ನಿಲ್ಲುವ ಉಂಗುರ ಬರಿಯದಾಗಿರುತ್ತದೆ. ಅಲ್ಲಿ ಹೊಳಪು ಒರೆಸಿ ಸುಟ್ಟಿರುತ್ತಾರೆ.

ಒಂದು ತಾಟಿನ ಅಂಚು ಮೊದಲೇ ಒಡೆದಿತ್ತು. ಪರೀಕ್ಷೆಗೆ ಅದನ್ನೇ ಇಟ್ಟುಕೊಂಡೆ. ಒಡೆದ ಜಾಗ ಸುಣ್ಣದ ಕಡ್ಡಿಯಂತೆ ಮಂಕಾಗಿತ್ತು, ಸ್ವಲ್ಪ ಕಂದು ಹಿಡಿದಿತ್ತು. ಅಲ್ಲಿ ಒಂದು ಹನಿ ನೀರು ಬಿಟ್ಟರೆ ಕ್ಷಣದಲ್ಲಿ ಇಂಗಿಹೋಯಿತು. ಪೋರ್ಸಲೀನ್ ಒಡೆದರೆ ಒಳಗೂ ಗಾಜಿನಂತೆ ಹೊಳೆಯುತ್ತದೆ, ಹನಿ ಹಾಗೇ ನಿಲ್ಲುತ್ತದೆ. ಇನ್ನು ಮೇಲ್ಮೈ ತುಂಬ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದವು. ಇದು ಯಾರೋ ಬೀಳಿಸಿ ಆದದ್ದಲ್ಲ. ಇಂಥ ಮಣ್ಣು ವರ್ಷಗಟ್ಟಲೆ ಗಾಳಿಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಮೇಲಿನ ಹೊಳಪು ಗಾಜು, ಅದು ಜೊತೆಗೆ ಹಿಗ್ಗುವುದಿಲ್ಲ. ಎಳೆತ ತಾಳದೆ ಬಿರುಕು ಬಿಡುತ್ತದೆ. ಒಮ್ಮೆ ಬಿರುಕು ಬಿಟ್ಟ ಮೇಲೆ ಪ್ರತಿ ತೊಳೆತಕ್ಕೂ ನೀರು ಒಳಗಿಳಿಯಲು ದಾರಿ ಸಿಕ್ಕ ಹಾಗೆ.

ಎಷ್ಟು ನೀರು ಇಳಿಯುತ್ತದೆ ಅಂತ ತೂಕ ಮಾಡಿ ನೋಡಿದೆ. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಂ ತೋರಿಸುತ್ತದೆ, ಅಷ್ಟು ಸಾಕು. ಮೊದಲು ತಾಟನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಮೇ ತಿಂಗಳ ಕಲಬುರಗಿ ಬಿಸಿಲು, ಒಣಗಿಸಲಿಕ್ಕೆ ಬೇರೆ ಏನೂ ಬೇಡ. ತೂಕ ಇಳಿಯುವುದು ನಿಂತ ಮೇಲೆ 586 ಗ್ರಾಂ ಇತ್ತು. ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ಚೆನ್ನಾಗಿ ಒರೆಸಿ ಮತ್ತೆ ತೂಗಿದರೆ 594. ಎಂಟು ಗ್ರಾಂ ನೀರು ತಾಟಿನ ಮೈಯೊಳಗೆ ಹೋಗಿ ಕೂತಿತ್ತು. ಪಕ್ಕದಲ್ಲಿ ಅದೇ ರೀತಿ ನೆನೆಸಿದ ನೊರಿಟಾಕೆ ತಾಟಿನ ತೂಕ ಒಂದು ಗ್ರಾಮೂ ಹೆಚ್ಚಾಗಿರಲಿಲ್ಲ.

ಆಮೇಲೆ ಮೈಕ್ರೋವೇವ್ ಪರೀಕ್ಷೆ. ಇದು ಎಲ್ಲರೂ ಹೇಳುವ ಪರೀಕ್ಷೆಯೇ. ಖಾಲಿ ತಾಟು ಒಳಗಿಡಬೇಕು. ಅದರ ಪಕ್ಕ ಅಥವಾ ಮೇಲೆ, ಮೈಕ್ರೋವೇವಿಗೆ ನಡೆಯುತ್ತದೆ ಅಂತ ಗೊತ್ತಿರುವ ಗಾಜಿನ ಲೋಟದಲ್ಲಿ ಒಂದು ಕಪ್ ನೀರು. ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ. ನೀರು ಬಿಸಿಯಾಗಿ ತಾಟು ತಣ್ಣಗಿದ್ದರೆ ತಾಟು ಅಲೆಗಳನ್ನು ಹೀರುತ್ತಿಲ್ಲ. ತಾಟು ಕಾದು ನೀರು ಸುಮ್ನೆ ಬೆಚ್ಚಗಿದ್ದರೆ ತಾಟು ಹೀರುತ್ತಿದೆ. ಲೋಟದ ನೀರು ಇರಲೇಬೇಕು. ಬರೀ ಖಾಲಿ ಸಾಮಾನು ಇಟ್ಟು ನಡೆಸಿದರೆ ಮಷಿನಿಗೇ ಪೆಟ್ಟು. ಲೋಹದ ಅಂಚಿದ್ದರೆ ಈ ಪರೀಕ್ಷೆಯನ್ನೇ ಮಾಡಬಾರದು.

ಮೊದಲು ಬಿಸಿಲಲ್ಲಿ ಒಣಗಿದ ನೀಲಿ ತಾಟು ಇಟ್ಟೆ. ಒಂದು ನಿಮಿಷದ ಮೇಲೆ ನೀರು ಬಿಸಿ, ತಾಟು ಸ್ವಲ್ಪ ಉಗುರುಬೆಚ್ಚಗೆ. ಯಾರೇ ನೋಡಿದರೂ ಪಾಸ್ ಅನ್ನುತ್ತಿದ್ದರು. ಆಮೇಲೆ ಅದೇ ತಾಟನ್ನು ರಾತ್ರಿ ನೆನೆಸಿ, ಒರೆಸಿ, ಹಾಗೇ ಇಟ್ಟೆ. ಈ ಸಲ ನಡುವೆಯೇ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ನಿಲ್ಲಿಸಿ ತೆಗೆಯಲು ಹೋದರೆ ಬರಿಗೈಯಿಂದ ಮುಟ್ಟಲು ಆಗಲಿಲ್ಲ. ಬಿರುಕಿನ ಜಾಲ ಮೊದಲಿಗಿಂತ ಹಬ್ಬಿತ್ತು.

ಈ ಎರಡು ಫಲಿತಾಂಶಗಳ ನಡುವೆ ಬದಲಾದದ್ದು ಎಂಟು ಗ್ರಾಂ ನೀರು ಮಾತ್ರ. ಮೈಕ್ರೋವೇವಿಗೂ ಡಿಶ್‌ವಾಷರಿಗೂ ಸಂಬಂಧ ಇದೆ ಅಂತ ನನಗೆ ಅಲ್ಲಿ ಖಚಿತವಾಯಿತು. ಒಣಗಿದಾಗ ಪಾಸಾದ ಹಳೇ ತಾಟು ಮಷಿನಿನಲ್ಲಿ ತೊಳೆದ ರಾತ್ರಿಯೇ ಫೇಲಾಗಬಹುದು. ತೊಳೆಯುವ ಮಷಿನು ಬಿಸಿ ನೀರನ್ನು ಬಿರುಕಿನೊಳಗೆ ತಳ್ಳುತ್ತದೆ. ಕೊನೆಯ ಒಣಗಿಸುವ ಶಾಖ ಮೇಲ್ಮೈಯನ್ನು ಒಣಗಿಸುತ್ತದೆ, ಒಳಗಿನ ತೇವ ಹಾಗೇ ಉಳಿಯುತ್ತದೆ. ಕೈಗೆ ಒಣಗಿದ್ದಂತೆ ಅನಿಸುವ ತಾಟನ್ನು ಮೈಕ್ರೋವೇವಿಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಹೊಳಪನ್ನು ಒಳಗಿನಿಂದ ತಳ್ಳುತ್ತದೆ. ಆದ್ದರಿಂದ ಬಿರುಕು ಬಿಟ್ಟ ಮಣ್ಣಿನ ತಾಟಿಗೆ ಒಂದು ನಿಮಿಷದ ಪರೀಕ್ಷೆಯನ್ನು ನಂಬಬೇಕಾದರೆ, ಅದನ್ನು ನೆನೆಸಿದ ಮೇಲೆ ಮಾಡಬೇಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈ ಪರೀಕ್ಷೆ ಬಿಸಿಯ ಸುದ್ದಿ ಮಾತ್ರ ಹೇಳುತ್ತದೆ. ಸೀಸದ ಸುದ್ದಿ ಹೇಳುವುದಿಲ್ಲ. ಹಿಂದಿನ ಕಾಲದ ಮಣ್ಣಿನ ಸಾಮಾನಿನ ಹೊಳಪಿನಲ್ಲಿ ಸೀಸ ಇರುತ್ತಿದ್ದದ್ದು ಸಾಮಾನ್ಯ. ಹೊಳಪು ಬಿರುಕು ಬಿಟ್ಟು ಸವೆದಿದ್ದರೆ, ಹುಣಸೆಹಣ್ಣು, ನಿಂಬೆ, ಟೊಮೆಟೊದಂಥ ಹುಳಿ ಅದನ್ನು ಊಟಕ್ಕೆ ಇಳಿಸಬಲ್ಲದು. ಬಿಸಿಯಾದರೆ, ಹೆಚ್ಚು ಹೊತ್ತು ಇಟ್ಟರೆ ಇನ್ನೂ ಜಾಸ್ತಿ. ತಳದ ಗುರುತು ನೋಡಿ ಇದನ್ನು ತಿಳಿಯಲಾಗದು. ಒರೆಸಿ ಬಣ್ಣ ನೋಡುವ ಕಡ್ಡಿಗಳು ಸಿಗುತ್ತವೆ. ಅವು ಸಣ್ಣ ಪ್ರಮಾಣವನ್ನು ತಪ್ಪಿಸಿಬಿಡಬಹುದು. ಖಚಿತ ಉತ್ತರಕ್ಕೆ ಪ್ರಯೋಗಾಲಯವೇ ಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹಾಗಾಗಿ ನೀಲಿ ತಾಟುಗಳಲ್ಲಿ ಊಟ ಬಡಿಸುವುದನ್ನೇ ಬಿಟ್ಟೆವು. ಅತ್ತೆಗೆ ಬೇಜಾರಾಯಿತು. "ನಾವು ಉಂಡು ಬೆಳೆದಿಲ್ಲೇನು?" ಅಂದರು. ತಾಟು ಕುಡಿದ ನೀರಿನ ತೂಕ ತೋರಿಸಿದೆ. ಒಳಗೆ ನೀರು ಹೋಗುವುದಾದರೆ ಸಾರೂ ಹೋಗುತ್ತದೆ ಅಂತ ಅವರೇ ಹೇಳಿದರು. ಈಗ ಆ ತಾಟುಗಳು ಊಟದ ಮನೆಯ ಗೋಡೆಯ ಮೇಲಿವೆ.

ಬಿಳಿ ಬಟ್ಟಲುಗಳ ವಿಚಾರ ಬೇಗ ಮುಗಿಯಿತು. ಇವನ್ನು ಮನೆಯವರೆಲ್ಲ ಚೀನಿ ಬಟ್ಟಲು ಅಂತಲೇ ಕರೆಯುತ್ತಿದ್ದರು. ತಳದಲ್ಲಿ ಅರ್ಕೋಪಾಲ್, ಫ್ರಾನ್ಸ್ ಅಂತ ಇತ್ತು. ಅದು ಹಾಲುಗಾಜು, ಅಂಗಡಿಯಲ್ಲಿ ಓಪಲ್ ಅಂತ ಮಾರುತ್ತಾರೆ. ಹೆಸರು ಅಳಿಸಿದ್ದರೂ ಗೊತ್ತು ಹಿಡಿಯಬಹುದು. ಗಾಜಿನ ಬಟ್ಟಲಿಗೆ ಬರಿಯ ಮಣ್ಣಿನ ಉಂಗುರ ಎಲ್ಲೂ ಇರುವುದಿಲ್ಲ, ತಳವೂ ಅಂಚೂ ಒಂದೇ ನುಣುಪು. ಬಿಸಿಲಿಗೆ ಹಿಡಿದರೆ ತೆಳು ಅಂಚಿನಲ್ಲಿ ಸಣ್ಣಗೆ ಕಿತ್ತಳೆ ಹೊಳಪು ಕಾಣುತ್ತದೆ. ಗಾಜು ನೀರು ಕುಡಿಯುವುದಿಲ್ಲ, ಬಂಗಾರದ ಗೆರೆ ಇರಲಿಲ್ಲ, ನೀರಿನ ಲೋಟದ ಪರೀಕ್ಷೆಯಲ್ಲಿ ಬಟ್ಟಲು ತಣ್ಣಗೇ ಉಳಿಯಿತು. ಮೈಕ್ರೋವೇವಿಗೆ ಸರಿ. ಗಾಜಿಗೆ ಇರುವ ಭಯ ಬೇರೆ. ಫ್ರಿಜ್ಜಿನಿಂದ ತೆಗೆದು ನೇರ ಬಿಸಿಗೆ ಇಟ್ಟರೆ, ಬಿಸಿ ಬಟ್ಟಲನ್ನು ಒದ್ದೆ ಕಟ್ಟೆಯ ಮೇಲೆ ಇಟ್ಟರೆ ಸೀಳಬಹುದು. ಅಂಚು ಚೂರು ಹಾರಿದ ಒಂದೆರಡು ಬಟ್ಟಲುಗಳನ್ನು ಬದಿಗೆ ತೆಗೆದೆ, ಏಕೆಂದರೆ ಸೀಳು ಶುರುವಾಗುವುದೇ ಅಂಥ ಜಾಗದಿಂದ. ಡಿಶ್‌ವಾಷರಿನಲ್ಲಿ ಅವುಗಳ ಮೇಲಿನ ಹೂವು ಮಾಸಬಹುದು, ಬಟ್ಟಲಿಗೆ ಏನೂ ಆಗದು. ಹೂವು ಅರ್ಧ ಮಾಸಿಯೇ ಇತ್ತು. ಹಾಕಿದೆ.

ಒಡೆದವುಗಳ ಜಾಗಕ್ಕೆ ಹೊಸ ತಾಟು ತರಲು ಸೂಪರ್ ಮಾರ್ಕೆಟ್ ಕಡೆ ಒಂದು ಕ್ರಾಕರಿ ಅಂಗಡಿಗೆ ಹೋದೆ. ಅಂಗಡಿಯವರು ಒಂದು ತಾಟು ಮಗುಚಿ ತೋರಿಸಿದರು. ತಳದಲ್ಲಿ ವೈನ್ ಲೋಟ ಮತ್ತು ಫೋರ್ಕಿನ ಚಿತ್ರ. "ಅಕ್ಕಾರ, ಈ ಗುರುತು ಇದ್ರ ಎಲ್ಲಾದಕ್ಕೂ ನಡೀತದ್ರಿ" ಅಂದರು. ಬಹಳ ಜನ ಹೀಗೇ ತಿಳಿದಿದ್ದಾರೆ. ಆ ಚಿತ್ರ ಯುರೋಪಿನದು. ಈ ಸಾಮಾನು ಊಟಕ್ಕೆ ತಾಗಬಹುದು ಅನ್ನುವುದು ಅದರ ಅರ್ಥ. ಮೈಕ್ರೋವೇವಿನ ಗುರುತು ಅಲೆ ಅಲೆಯಾದ ಗೆರೆಗಳು. ಡಿಶ್‌ವಾಷರಿನದು ತಾಟಿನ ಮೇಲೆ ನೀರು ಬೀಳುವ ಚಿತ್ರ. ಈ ಚಿತ್ರಗಳನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಬರೆಯುತ್ತಾನೆ, ಹಾಗಾಗಿ ಜೊತೆಗೆ ಅಕ್ಷರದಲ್ಲೂ ಇದ್ದರೆ ಒಳ್ಳೇದು. ಮೈಕ್ರೋವೇವ್ ಸೇಫ್ ಅಂದ ಮಾತ್ರಕ್ಕೆ ಕೇಕ್ ಸುಡುವ ಓವನ್ನಿಗೆ ಸೇಫ್ ಅಲ್ಲ. ಇದನ್ನು ಅಂಗಡಿಯವರಿಗೆ ಹೇಳಿದೆ. ಅವರು ಒಳಗಿನಿಂದ ಮೂರೂ ಗುರುತು ಇರುವ ಬಿಳಿ ಪೋರ್ಸಲೀನ್ ತಾಟು ತಂದು ಕೊಟ್ಟರು. ಅಂಚಿಗೆ ಲೋಹ ಇಲ್ಲದ್ದು.

ನಮ್ಮೂರಿನಲ್ಲಿ ಡಿಶ್‌ವಾಷರ್ ಇಟ್ಟವರಿಗೆ ಇನ್ನೊಂದು ಗೊಂದಲ ಬರುತ್ತದೆ. ಶಹಾಬಾದ್ ಕಲ್ಲು, ಸೇಡಂ ಕಡೆಯ ಸಿಮೆಂಟು, ಎಲ್ಲವೂ ಸುಣ್ಣದ ಕಲ್ಲಿನ ನೆಲದ್ದು. ಬೋರಿನ ನೀರಲ್ಲಿ ಆ ಸುಣ್ಣ ಇದ್ದೇ ಇರುತ್ತದೆ. ಮಷಿನಿನಲ್ಲಿ ಹಾಕಿದ ಗಾಜಿನ ಲೋಟಗಳು ಬಿಳಿಚಿಕೊಂಡಾಗ ಲೋಟವೇ ಕೆಟ್ಟಿತು, ಇದು ಡಿಶ್‌ವಾಷರಿಗೆ ಆಗದ ಗಾಜು ಅಂತ ಅನಿಸುತ್ತದೆ. ಹತ್ತಿಗೆ ವಿನೆಗರ್ ಹಚ್ಚಿ ಒಂದು ಜಾಗ ಉಜ್ಜಿ ನೋಡಿ. ಮಸುಕು ಹೋದರೆ ಅದು ಸುಣ್ಣ. ಮಷಿನಿಗೆ ಹಾಕುವ ಉಪ್ಪು ಮುಗಿದಿದೆ, ಇಲ್ಲವೇ ನೀರಿನ ಗಡಸಿನ ಅಳತೆ ಸರಿಯಾಗಿ ಹೊಂದಿಸಿಲ್ಲ. ಎಷ್ಟು ಉಜ್ಜಿದರೂ ಹೋಗದೆ, ಓರೆ ಬೆಳಕಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜಿನ ಮೈಯೇ ತಿಂದುಹೋಗಿದೆ. ಅದಕ್ಕೆ ಉಪಾಯವಿಲ್ಲ. ನಮ್ಮದು ಸುಣ್ಣವೇ ಆಗಿತ್ತು. ಬಂಗಾರದ ಅಂಚಿನ ಮೇಲೆ ಮಾತ್ರ ವಿನೆಗರ್ ಉಜ್ಜಲು ಹೋಗಬೇಡಿ.

ಎಲ್ಲ ಮುಗಿಯಿತು ಅಂದುಕೊಂಡಾಗ ಅತ್ತೆ ಕಪಾಟಿನ ಕೆಳಗಿನಿಂದ ಕಪ್-ಬಸಿಗಳ ಗಂಟು ತೆಗೆದರು. ಯಾವುದರ ತಳದಲ್ಲೂ ಹೆಸರಿಲ್ಲ, ಊರಿಲ್ಲ. ಆದರೆ ಈಗ ಹೆಸರು ಇಲ್ಲದಿದ್ದರೂ ನಡೆಯುತ್ತಿತ್ತು. ಟಾರ್ಚ್ ಹಿಡಿದರೆ ಬೆರಳ ನೆರಳು ಕಂಡಿತು. ಬರಿಯ ಉಂಗುರದ ಮೇಲೆ ಬಿಟ್ಟ ನೀರಿನ ಹನಿ ಅಲ್ಲೇ ನಿಂತಿತು. ಲೋಹದ ಗೆರೆ ಇಲ್ಲ. ಹಸಿರು ಎಲೆಯ ಚಿತ್ರ ಹೊಳಪಿನ ಕೆಳಗಿತ್ತು, ಬೆರಳಿಗೆ ಏನೂ ತಾಗಲಿಲ್ಲ. ರಾತ್ರಿ ನೆನೆಸಿ ನೀರಿನ ಲೋಟದ ಜೊತೆ ಒಂದು ನಿಮಿಷ ಇಟ್ಟರೂ ಕಪ್ ತಣ್ಣಗಿತ್ತು. ಹ್ಯಾಂಡಲ್ಲಿನ ಬುಡದಲ್ಲಿ ಬಿರುಕು ಇದ್ದ ಒಂದನ್ನು ಮಾತ್ರ ತೆಗೆದಿಟ್ಟೆ. ಉಳಿದವುಗಳಲ್ಲಿ ಈಗ ದಿನಾ ಸಂಜೆ ಚಹಾ. ಆರಿದರೆ ಮೈಕ್ರೋವೇವಿನಲ್ಲಿ ಬಿಸಿ ಮಾಡುತ್ತೇವೆ, ರಾತ್ರಿ ಡಿಶ್‌ವಾಷರಿನ ಮೇಲಿನ ಅಟ್ಟದಲ್ಲಿ ತೊಳೆಯಲು ಇಡುತ್ತೇವೆ.